ಅಮ್ಮನ ಕಾಯಿಲೆಗೆ ಮಗ ತಾನೇ ಕಾಯಿಲೆ ಬಿದ್ದೆನೆಂದು ಬರೆಯಬೇಕೆ? ಕೇಂದ್ರ ಕಚೇರಿಗಳ ರಜೆ ಮಂಜೂರು ಅಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರಿ ಕಚೇರಿಗಳ ರಜೆ ಮಂಜೂರು ಅಧಿಕಾರಿಗಳು;
ಹಾಗೂ ನವದೆಹಲಿಯ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಕಾರ್ಯದರ್ಶಿಗಳು

ಮಾನ್ಯರೇ,

ರಜೆ ಅರ್ಜಿಗಳ ಕಡತ ನೋಡುವ ನೌಕರರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಮನೆಯಲ್ಲಿ ತಂದೆ ತಾಯಿಗೋ ಮಗುವಿಗೋ ದಿಢೀರನೆ ಕಾಯಿಲೆಯಾದಾಗ ನೌಕರ ಹಾಕುವ ರಜೆ ಅರ್ಜಿ ನಮ್ಮ ಮೇಜು ದಾಟಿಯೇ ನಿಮ್ಮ ಮೇಜಿಗೆ ಬರುತ್ತದೆ. ಅದು ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವ ತಪ್ಪಿಗೆ ಎಷ್ಟು ಸಂಬಳ ಹೋಗುತ್ತದೆ, ಯಾವ ನಿಯಮ ಜನರನ್ನು ಸುಳ್ಳು ಹೇಳುವಂತೆ ಮಾಡುತ್ತದೆ ಎಂಬುದನ್ನು ಎದುರಿಟ್ಟು ಮಾತಾಡಬೇಕಿದೆ. ಇಲ್ಲಿ ಹೇಳುವುದೆಲ್ಲ 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳಿಗೆ ಒಳಪಟ್ಟ ನೌಕರರ ಮಾತು. ರೈಲ್ವೆಗೆ, ಬ್ಯಾಂಕಿಗೆ, ರಾಜ್ಯ ಸರ್ಕಾರಿ ನೌಕರರಿಗೆ ಅವರವರ ನಿಯಮಗಳು ಬೇರೆ ಇವೆ.

ಮೊದಲು ಒಂದು ಗೊಂದಲ ತಿಳಿಯಾಗಬೇಕು. 2025ರ ಜುಲೈನಲ್ಲಿ ರಾಜ್ಯಸಭೆಯ ಪ್ರಶ್ನೆಯೊಂದಕ್ಕೆ ಸಚಿವ ಜಿತೇಂದ್ರ ಸಿಂಗ್ ಕೊಟ್ಟ ಉತ್ತರ ಸುದ್ದಿಯಾಯಿತು. ವಯಸ್ಸಾದ ತಂದೆ ತಾಯಿಯ ಆರೈಕೆಗೆ ಕೇಂದ್ರ ನೌಕರರಿಗೆ 30 ದಿನ ರಜೆ ಎಂದು ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆ ರಜೆಗೆ ಯಾವ ಫಾರಂ ಎಂದು ಕೇಳಿಕೊಂಡು ಜನ ಬರುತ್ತಾರೆ. ಅಂಥದ್ದೊಂದು ಪ್ರತ್ಯೇಕ ರಜೆಯೇ ಇಲ್ಲ. ಸಚಿವರು ಹೇಳಿದ್ದು ಇಷ್ಟೇ: ವರ್ಷಕ್ಕೆ 30 ದಿನದ ಇ.ಎಲ್. ಎಂಬ ಗಳಿಕೆ ರಜೆ, 20 ದಿನದ ಅರ್ಧ ವೇತನ ರಜೆ, 8 ಸಿ.ಎಲ್. ಎಂಬ ಸಾಂದರ್ಭಿಕ ರಜೆ, 2 ನಿರ್ಬಂಧಿತ ರಜೆ ಈಗಾಗಲೇ ಇವೆ. ಯಾವುದೇ ವೈಯಕ್ತಿಕ ಕಾರಣಕ್ಕೆ ಇವನ್ನು ಬಳಸಬಹುದು, ಹೆತ್ತವರ ಆರೈಕೆಯೂ ಅದರಲ್ಲಿ ಸೇರಿದೆ. ಎಂದರೆ ತಂಗಿಯ ಮದುವೆಗೆ, ಮನೆ ಕಟ್ಟುವ ಓಡಾಟಕ್ಕೆ, ಊರ ಜಾತ್ರೆಗೆ ಯಾವ ಖಾತೆಯಿಂದ ರಜೆ ಖರ್ಚಾಗುತ್ತದೋ ಅಮ್ಮನ ಶಸ್ತ್ರಚಿಕಿತ್ಸೆಗೂ ಅದೇ ಖಾತೆ.

ಈಗ ಒಂದು ಉದಾಹರಣೆ ಹಿಡಿದು ಹೋಗೋಣ. ಬೆಂಗಳೂರಿನ ಕಚೇರಿಯಲ್ಲಿ ಒಬ್ಬ ನೌಕರ, ಮೂಲ ವೇತನ 35,400 ರೂಪಾಯಿ. ಖಾತೆಯಲ್ಲಿ 22 ದಿನ ಇ.ಎಲ್., 64 ದಿನ ಅರ್ಧ ವೇತನ ರಜೆ, 5 ಸಿ.ಎಲ್. ಉಳಿದಿವೆ. ಗುರುವಾರ ರಾತ್ರಿ ಹಾವೇರಿಯಲ್ಲಿರುವ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ತೊಡೆ ಮೂಳೆ ಸೊಂಟದ ಹತ್ತಿರ ಮುರಿದಿದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಮನೆಯಲ್ಲಿ ವಾಕರ್ ಹಿಡಿದು ತಾವಾಗಿ ಓಡಾಡುವವರೆಗೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಅಂದಾಜು ಆರು ವಾರ. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಆ ರಾತ್ರಿ ಬಸ್ಸಿನಲ್ಲಿ ಕೂತು ಅವನು ಸೆಕ್ಷನ್ನಿನ ಮೇಲಧಿಕಾರಿಗೆ ಸಂದೇಶ ಕಳಿಸುತ್ತಾನೆ: "ಸಾರ್, ಅಮ್ಮನಿಗೆ ಹುಷಾರಿಲ್ಲ, ಮೂರು ದಿನ ಸಿ.ಎಲ್. ಹಾಕಿಕೊಳ್ಳಿ." ಮೊದಲ ತೊಡಕು ಶುರುವಾಗುವುದೇ ಇಲ್ಲಿ. ಸಿ.ಎಲ್. ಅನ್ನು ಇ.ಎಲ್. ಜೊತೆಗಾಗಲಿ ಅರ್ಧ ವೇತನ ರಜೆಯ ಜೊತೆಗಾಗಲಿ ಜೋಡಿಸುವಂತಿಲ್ಲ. ಶುಕ್ರವಾರ, ಸೋಮವಾರ, ಮಂಗಳವಾರ ಸಿ.ಎಲ್. ಹಾಕಿ ಬುಧವಾರದಿಂದ ಇ.ಎಲ್. ಕೇಳಿದರೆ ಕಡತ ಆಕ್ಷೇಪಣೆಯೊಂದಿಗೆ ವಾಪಸ್ ಬರುತ್ತದೆ. ಆಗ ಸಿ.ಎಲ್. ರದ್ದುಮಾಡಿ ಶುಕ್ರವಾರದಿಂದಲೇ ಇ.ಎಲ್. ಎಂದು ಹೊಸ ಅರ್ಜಿ ಕೊಡಬೇಕು. ಮೊದಲೇ ಹೇಳಿಕೊಟ್ಟಿದ್ದರೆ ಇದು ಒಂದು ಸಾಲಿನ ಕೆಲಸ. ಯಾರೂ ಹೇಳದೆ ಹೋದರೆ ಅವನು ಐ.ಸಿ.ಯು. ಬಾಗಿಲಲ್ಲಿ ನಿಂತಿರುವಾಗ "ನಿಮ್ಮ ಅರ್ಜಿ ಸರಿಯಿಲ್ಲ" ಎಂಬ ಕರೆ ಹೋಗುತ್ತದೆ. ಆದ್ದರಿಂದ ರಾತ್ರಿ ಬಂದ ಸಂದೇಶಕ್ಕೆ ಮೇಲಧಿಕಾರಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಎರಡು ಮೂರು ದಿನದಲ್ಲಿ ವಾಪಸ್ ಬರುವ ಸಂಗತಿಯೋ, ಮುಂದುವರಿಯುವುದೋ? ಮುಂದುವರಿಯುವಂತಿದ್ದರೆ ಮೊದಲ ದಿನದಿಂದಲೇ ಇ.ಎಲ್. ಎಂದು ಬರೆಸಿ, ಸಿ.ಎಲ್. ಮುಟ್ಟಬೇಡಿ.

ಅರ್ಜಿಗೆ ಫಾರಂ 1 ಇದೆ. ರಜೆಯ ಕಾರಣಕ್ಕೆ ಅದರಲ್ಲಿ ಒಂದು ಕಾಲಂ ಇದೆ. "ತಾಯಿಯ ಶಸ್ತ್ರಚಿಕಿತ್ಸೆ ಮತ್ತು ಆರೈಕೆ" ಎಂದು ಬರೆದರೆ ಸಾಕು. ಇ.ಎಲ್.ಗಾಗಲಿ, ಸ್ವಂತ ಕೆಲಸಕ್ಕೆಂದು ಕೇಳುವ ಅರ್ಧ ವೇತನ ರಜೆಗಾಗಲಿ ವೈದ್ಯಕೀಯ ಪ್ರಮಾಣಪತ್ರ ಬೇಕೆಂದು ನಿಯಮ ಹೇಳುವುದಿಲ್ಲ. ಆದರೂ ತಾಯಿಯ ಎಕ್ಸ್‌ರೇ ತನ್ನಿ, ಅಡ್ಮಿಷನ್ ಚೀಟಿ ತನ್ನಿ, ಮೂಲಪ್ರತಿಯೇ ಬೇಕು ಎಂದು ಕಡತ ತಡೆಯುವ ರೂಢಿ ಹಲವು ಕಚೇರಿಗಳಲ್ಲಿದೆ. ಕಾರಣ ನಿಜವೋ ಎಂದು ಕೇಳುವ ಹಕ್ಕು ಮಂಜೂರು ಮಾಡುವವರಿಗೆ ಇದೆ, ಒಪ್ಪುತ್ತೇವೆ. ಅಡ್ಮಿಷನ್ ಚೀಟಿಯ ಒಂದು ಫೋಟೋ ಆ ಕೆಲಸಕ್ಕೆ ಸಾಲದೇ? ಮೂಲಪ್ರತಿ ಬಿಲ್ಲಿಂಗ್ ಕೌಂಟರಿನಲ್ಲೂ ವಾರ್ಡಿನಲ್ಲೂ ಬೇಕಾಗಿರುವ ಹೊತ್ತಿನಲ್ಲಿ ಅದನ್ನು ಕಚೇರಿಗೆ ಕೇಳುವುದು ಕ್ರೌರ್ಯ.

ಈಗ ಎಣಿಕೆ. ಶುಕ್ರವಾರದಿಂದ ಇ.ಎಲ್. ಹಿಡಿದರೆ ನಡುವಿನ ಶನಿವಾರ, ಭಾನುವಾರಗಳೂ ರಜೆಯ ಲೆಕ್ಕಕ್ಕೆ ಬರುತ್ತವೆ. 22ನೇ ದಿನ ಮತ್ತೆ ಶುಕ್ರವಾರಕ್ಕೆ ಬೀಳುತ್ತದೆ. ಅಲ್ಲಿಗೆ ಇ.ಎಲ್. ಮುಗಿಯಿತು, ಅಮ್ಮ ಇನ್ನೂ ಹಾಸಿಗೆಯಲ್ಲಿದ್ದಾರೆ. ಎರಡನೆಯ ತೊಡಕು ಇದು, ಮತ್ತು ನಾವು ನೋಡಿರುವ ತೊಡಕುಗಳಲ್ಲೆಲ್ಲ ದುಬಾರಿಯಾದದ್ದು. ಆ ಶುಕ್ರವಾರದ ಒಳಗೆ ರಜೆ ವಿಸ್ತರಣೆ ಕೋರಿದ ಅರ್ಜಿ ಕಚೇರಿ ತಲುಪಬೇಕು. ತಲುಪದಿದ್ದರೆ ನಿಯಮ 25 ಬಂದು ಕೂರುತ್ತದೆ. ಮಂಜೂರಾದ ರಜೆ ಮುಗಿದ ಮೇಲೆ ವಿಸ್ತರಣೆಯಿಲ್ಲದೆ ಹೊರಗುಳಿದ ದಿನಗಳಿಗೆ ರಜೆ ಸಂಬಳ ಸಿಗುವುದಿಲ್ಲ. ಅಷ್ಟು ದಿನಗಳನ್ನು ಅರ್ಧ ವೇತನ ರಜೆಯ ಖಾತೆಯಿಂದಲೂ ಕಳೆಯಲಾಗುತ್ತದೆ. ಇನ್ನೊಮ್ಮೆ ಓದಿ: ರಜೆಯೂ ಹೋಯಿತು, ಸಂಬಳವೂ ಹೋಯಿತು. ಸಕಾಲದಲ್ಲಿ ಅರ್ಜಿ ಹೋಗಿ ಮುಂದಿನ 21 ದಿನ ಅರ್ಧ ವೇತನ ರಜೆಯಾಗಿ ಮಂಜೂರಾದರೆ, ತಿಂಗಳಿಗೆ 30 ದಿನದಂತೆ ದಿನಕ್ಕೆ 1,180 ರೂಪಾಯಿ ಹಿಡಿದು, ಮೂಲ ವೇತನದಲ್ಲಿ 12,390 ರೂಪಾಯಿ ಖೋತಾ. ಹೋಗದಿದ್ದರೆ 24,780. ತುಟ್ಟಿಭತ್ಯೆ ಸೇರಿಸಿದರೆ ಎರಡೂ ಮೊತ್ತ ಇನ್ನೂ ಏರುತ್ತವೆ. ಎರಡು ಸಾಲಿನ ಒಂದು ಇ-ಮೇಲ್ ಕಳಿಸಿದ್ದಕ್ಕೂ ಕಳಿಸದೆ ಹೋದದ್ದಕ್ಕೂ ಇರುವ ವ್ಯತ್ಯಾಸ ಇದು.

ಆದ್ದರಿಂದ ಮಂಜೂರಾತಿ ಆದೇಶ ಹೊರಡುವಾಗಲೇ ಕೆಳಗೊಂದು ಸಾಲು ಸೇರಿಸಿ ಎಂದು ಕೇಳುತ್ತೇವೆ: "ರಜೆ ಇಂಥ ದಿನ ಮುಗಿಯುತ್ತದೆ, ಮುಂದುವರಿಸಬೇಕಿದ್ದರೆ ಅದಕ್ಕೆ ಮುಂಚೆ ಇ-ಮೇಲ್ ಮಾಡಿ." ಆದೇಶದಲ್ಲಿ ಉಳಿದ ಇ.ಎಲ್. ಮತ್ತು ಅರ್ಧ ವೇತನ ರಜೆಯ ಲೆಕ್ಕ ನಮೂದಿಸಬೇಕೆಂದು ನಿಯಮ 16 ಈಗಾಗಲೇ ಹೇಳುತ್ತದೆ. ಎಷ್ಟೋ ಆದೇಶಗಳಲ್ಲಿ ಆ ಜಾಗ ಖಾಲಿ ಇರುತ್ತದೆ. ಆಸ್ಪತ್ರೆಯಲ್ಲಿ ಕೂತವನಿಗೆ ತನ್ನ ಖಾತೆಯಲ್ಲಿ ಎಷ್ಟು ದಿನ ಉಳಿದಿದೆ ಎಂದು ಗೊತ್ತಾಗುವ ಸುಲಭದ ದಾರಿ ಅದು.

ಇನ್ನು ಈ ಪತ್ರದ ಮುಖ್ಯ ಮಾತಿಗೆ ಬರುತ್ತೇವೆ.

ಮೇಲಿನ ನೌಕರನ ಖಾತೆಯಲ್ಲಿ 64 ದಿನ ಅರ್ಧ ವೇತನ ರಜೆ ಇದೆ. ಕಾಯಿಲೆ ಅವನಿಗೇ ಆಗಿದ್ದರೆ ನಿಯಮ 30ರ ಪ್ರಕಾರ ಅದನ್ನು ಪರಿವರ್ತಿಸಿಕೊಳ್ಳಬಹುದಿತ್ತು. ಕಚೇರಿಯ ಮಾತಿನಲ್ಲಿ ಕಮ್ಯೂಟೆಡ್ ಲೀವ್. 21 ದಿನ ಪೂರ್ತಿ ಸಂಬಳ, ಖಾತೆಯಿಂದ ಅದರ ಎರಡರಷ್ಟು, ಎಂದರೆ 42 ದಿನ, ಕಡಿತ. 22 ದಿನ ಉಳಿಯುತ್ತದೆ. ಆದರೆ ಪರಿವರ್ತನೆಗೆ ನೌಕರನ ಸ್ವಂತ ಕಾಯಿಲೆಯ ಪ್ರಮಾಣಪತ್ರ ಬೇಕು. ತಾಯಿಯ ಕಾಯಿಲೆ ನಡೆಯುವುದಿಲ್ಲ. ಹೆಂಡತಿಯದೂ ಮಗುವಿನದೂ ನಡೆಯುವುದಿಲ್ಲ. ಅದೇ ಖಾತೆ, ಅದೇ ದಿನಗಳು, ಅದೇ ಆಸ್ಪತ್ರೆ. ನಿಜ ಬರೆದವನಿಗೆ ಅರ್ಧ ಸಂಬಳ. "ನನಗೇ ಬೆನ್ನುನೋವು, ಮೂರು ವಾರ ವಿಶ್ರಾಂತಿ ಬೇಕು" ಎಂದು ಚೀಟಿ ತಂದವನಿಗೆ ಪೂರ್ತಿ ಸಂಬಳ.

ಜನ ಏನು ಮಾಡುತ್ತಾರೆ ಎಂಬುದು ನಿಮಗೂ ಗೊತ್ತು. ಹಿತವರೆಂದುಕೊಂಡ ಸಹೋದ್ಯೋಗಿಗಳೇ ಆ ಚೀಟಿ ತರುವ ಸಲಹೆ ಕೊಡುತ್ತಾರೆ. ಕೆಲವು ಕಚೇರಿಗಳಲ್ಲಿ ಮೇಲಧಿಕಾರಿಗಳೇ "ನಿಮ್ಮ ಹೆಸರಲ್ಲೇ ಒಂದು ಸರ್ಟಿಫಿಕೇಟ್ ತಂದುಬಿಡಿ, ತಕರಾರು ಇರಲ್ಲ" ಎಂದುಬಿಡುತ್ತಾರೆ. ಅದರ ಅಪಾಯವನ್ನು ಯಾರೂ ಹೇಳುವುದಿಲ್ಲ. ಸ್ವಂತ ಕಾಯಿಲೆಯ ರಜೆಯಾದರೆ ಮಂಜೂರು ಮಾಡುವವರು ಎರಡನೆಯ ವೈದ್ಯರ ಅಭಿಪ್ರಾಯ ಕೇಳಬಹುದು. ಕೆಲಸಕ್ಕೆ ವಾಪಸಾಗುವಾಗ ಫಿಟ್‌ನೆಸ್ ಪ್ರಮಾಣಪತ್ರ ಕೊಡಬೇಕು, ಅದಿಲ್ಲದೆ ಹಾಜರಾಗುವಂತಿಲ್ಲ. ಇತ್ತ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದ ಮೇಲೆ ತಾರೀಖಿನ ಸಮೇತ ಅವನದೇ ಸಹಿ ಇದೆ. ಅಟೆಂಡರ್ ಪಾಸಿನಲ್ಲಿ ಅವನದೇ ಹೆಸರು, ಡಿಸ್ಚಾರ್ಜ್ ಬಿಲ್ ಕಟ್ಟಿದ್ದು ಅವನದೇ ಖಾತೆಯಿಂದ. ಬೆಂಗಳೂರಿನಲ್ಲಿ ಹಾಸಿಗೆ ಹಿಡಿದಿದ್ದೇನೆಂದು ಬರೆದುಕೊಟ್ಟವನು ಹುಬ್ಬಳ್ಳಿಯಲ್ಲಿ ರಾತ್ರಿಯಿಡೀ ಎಚ್ಚರವಿದ್ದ ಎಂಬುದಕ್ಕೆ ಇಷ್ಟು ಕಾಗದಗಳು. ಯಾರೋ ಒಂದು ದೂರು ಹಾಕಿದರೆ ಸಾಕು, ಅಮ್ಮನನ್ನು ನೋಡಿಕೊಂಡ ಮಗ ಸುಳ್ಳು ಪ್ರಮಾಣಪತ್ರದ ಇಲಾಖಾ ವಿಚಾರಣೆಯಲ್ಲಿ ನಿಲ್ಲುತ್ತಾನೆ. ಇಷ್ಟಾಗಿಯೂ ನಮ್ಮ ಸಹೋದ್ಯೋಗಿಗಳಿಗೆ ನಾವು ಹೇಳುವುದು ಒಂದೇ: ಆ ಚೀಟಿ ತರಬೇಡಿ, ಇರುವುದನ್ನೇ ಬರೆಯಿರಿ, ಅರ್ಧ ಸಂಬಳವಾದರೂ ಸರಿ.

ಆದರೆ ಸತ್ಯಕ್ಕೆ ಇಷ್ಟು ದಂಡ ಏಕೆ ಎಂದು ಸಿಬ್ಬಂದಿ ಮತ್ತು ತರಬೇತಿ ಇಲಾಖೆಯನ್ನು ನೇರವಾಗಿ ಕೇಳುತ್ತೇವೆ. ಸ್ವಂತ ಕಾಯಿಲೆಯ ಪ್ರಮಾಣಪತ್ರವಿಲ್ಲದೆ ಪರಿವರ್ತಿತ ರಜೆ ಕೊಡುವುದು ಈ ನಿಯಮಗಳಿಗೆ ಹೊಸದೇನಲ್ಲ. ಸಾರ್ವಜನಿಕ ಹಿತಕ್ಕೆ ಒದಗುವ ಮಾನ್ಯ ವ್ಯಾಸಂಗಕ್ಕೆ ಇಡೀ ಸೇವೆಯಲ್ಲಿ 180 ದಿನಗಳವರೆಗಿನ ಅರ್ಧ ವೇತನ ರಜೆಯನ್ನು ಹಾಗೆ ಪರಿವರ್ತಿಸಿಕೊಳ್ಳಬಹುದು. ಹೆರಿಗೆ ರಜೆಯ ಮುಂದುವರಿಕೆಯಾಗಿ 60 ದಿನಗಳವರೆಗೆ ಪ್ರಮಾಣಪತ್ರವಿಲ್ಲದೆ ಪರಿವರ್ತಿತ ರಜೆ ಸಿಗುತ್ತದೆ. ಓದಿಗೂ ಬಾಣಂತನಕ್ಕೂ ತೆರೆದ ಬಾಗಿಲನ್ನು ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಅತ್ತೆ ಮಾವಂದಿರ ಆಸ್ಪತ್ರೆವಾಸಕ್ಕೂ ತೆರೆಯಿರಿ. ಚಿಕಿತ್ಸೆ ನೀಡುವ ವೈದ್ಯರು ರೋಗಿಯ ಹೆಸರಲ್ಲೇ ಪ್ರಮಾಣಪತ್ರ ಕೊಡಲಿ, ಪಕ್ಕದಲ್ಲಿ ಒಬ್ಬರು ಎಷ್ಟು ದಿನ ಇರಬೇಕೆಂದು ಅದರಲ್ಲಿ ಬರೆಯಲಿ. ವರ್ಷಕ್ಕೆ 30 ದಿನದ ಮಿತಿ ಹಾಕಿ. ಖಾತೆಯಿಂದ ಎರಡರಷ್ಟು ದಿನ ಕಳೆಯುವುದರಿಂದ ನೌಕರ ಹೊಸ ರಜೆಯನ್ನೇನೂ ಪಡೆದಂತಾಗುವುದಿಲ್ಲ. ತಾನೇ ದುಡಿದು ಕೂಡಿಟ್ಟದ್ದನ್ನು ಬೇಗ ಖರ್ಚುಮಾಡಿಕೊಂಡಂತೆ.

ಮಗುವಿನ ಕಾಯಿಲೆಯ ದಾರಿ ಬೇರೆ, ಅದಕ್ಕೆ ನಿಯಮ 43-ಸಿ ಇದೆ. ಮಹಿಳಾ ನೌಕರರಿಗೂ ಒಂಟಿ ತಂದೆಗೂ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಆರೈಕೆ ರಜೆ. ಮೊದಲ 365 ದಿನ ಪೂರ್ತಿ ಸಂಬಳ, ಮುಂದಿನ 365 ದಿನ ಶೇ. 80. ಮೊದಲ ಇಬ್ಬರು ಮಕ್ಕಳಿಗೆ, 18 ವರ್ಷದವರೆಗೆ. ಅಂಗವಿಕಲ ಮಗುವಾದರೆ ವಯಸ್ಸಿನ ಮಿತಿಯಿಲ್ಲ. ರಾಜ್ಯ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಕೊಟ್ಟದ್ದು 180 ದಿನ. ಅದರ ಮುಂದೆ ಇದು ದೊಡ್ಡದೇ, ಅನುಮಾನವಿಲ್ಲ. ಆದರೆ ದೀರ್ಘ ಆರೈಕೆಗೆ ಹೊಲಿದ ಅಂಗಿ ಇದು, ತುರ್ತಿಗೆ ಹೊಂದುವುದಿಲ್ಲ. ಒಮ್ಮೆಗೆ ಕನಿಷ್ಠ 5 ದಿನ ತೆಗೆದುಕೊಳ್ಳಬೇಕು, ವರ್ಷಕ್ಕೆ ಮೂರು ಸಲ ಮಾತ್ರ. ಒಂಟಿ ತಾಯಿಗೆ ಆರು ಸಲ.

ಥಲಸ್ಸೇಮಿಯಾ ಇರುವ ಮಗುವನ್ನೇ ನೆನೆಯಿರಿ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ವರ್ಷಕ್ಕೆ 13ರಿಂದ 26 ದಿನ, ಪ್ರತಿಸಲವೂ ಒಂದೇ ದಿನ. ಇಂಥ ತಾಯಿಗೆ 730 ದಿನದ ರಜೆ ಕಾಗದದಲ್ಲಿದ್ದೂ ಕೈಗೆಟುಕುವುದಿಲ್ಲ. 8 ಸಿ.ಎಲ್. ಮೊದಲು ಕರಗುತ್ತವೆ, ಆಮೇಲೆ ಒಂದೊಂದು ದಿನದ ಇ.ಎಲ್. ಹಾಕಬೇಕು. ಇ.ಎಲ್.ಗೆ ಕನಿಷ್ಠ ದಿನದ ಮಿತಿ ನಿಯಮದಲ್ಲಿಲ್ಲ. "ಒಂದು ದಿನದ ಇ.ಎಲ್. ಕೊಡಲ್ಲ, ಸಿ.ಎಲ್. ಇದ್ದರೆ ಹಾಕಿ" ಎಂದು ತಿರುಗಿಸಿ ಕಳಿಸುವ ಕಚೇರಿಗಳು ಇದನ್ನು ದಯವಿಟ್ಟು ಗಮನಿಸಲಿ. ಆಸ್ಪತ್ರೆಯ ಕೆಲಸ ಮಧ್ಯಾಹ್ನದೊಳಗೆ ಮುಗಿಯುವ ದಿನ ಅರ್ಧ ದಿನದ ಸಿ.ಎಲ್. ಕೊಟ್ಟರೆ 8 ದಿನ 16 ಸಲಕ್ಕೆ ಬರುತ್ತದೆ. ಹಾಗೆಯೇ ಪ್ರೊಬೇಷನ್ನಿನಲ್ಲಿರುವವರಿಗೆ ಮಕ್ಕಳ ಆರೈಕೆ ರಜೆ ಇಲ್ಲವೇ ಇಲ್ಲ ಎಂದು ಬಾಗಿಲು ಹಾಕಬೇಡಿ. ಸಾಮಾನ್ಯವಾಗಿ ಕೊಡುವಂತಿಲ್ಲ, ತೀರಾ ಅನಿವಾರ್ಯ ಎಂದು ನಿಮಗೆ ಮನವರಿಕೆಯಾದರೆ ಕಡಿಮೆ ದಿನಗಳಿಗೆ ಕೊಡಬಹುದು ಎಂಬುದೇ ನಿಯಮ.

ಗಂಡಹೆಂಡಿರ ಸಂಸಾರದಲ್ಲಿ ತಂದೆಯ ಪಾಡು ಇನ್ನೂ ಇಕ್ಕಟ್ಟಿನದು. ಅವನು ಒಂಟಿಯಲ್ಲ, ಹಾಗಾಗಿ ಈ ರಜೆ ಅವನಿಗಿಲ್ಲ. ಹೆಂಡತಿಯೇ ಕೀಮೋಥೆರಪಿಯಲ್ಲಿದ್ದು ಮಗುವನ್ನು ನೋಡುವವರು ಅವನೊಬ್ಬನೇ ಆದರೂ ಇಲ್ಲ. ಇದು ತಿದ್ದುಪಡಿಯಾಗಲೇಬೇಕು.

ಎಲ್ಲ ಖಾತೆಗಳೂ ಖಾಲಿಯಾದವರಿಗೆ ಉಳಿಯುವುದು ಸಂಬಳವಿಲ್ಲದ ಅಸಾಧಾರಣ ರಜೆ. ಇದರ ಒಂದು ಮರೆಯ ಏಟನ್ನು ನೌಕರರು ತಡವಾಗಿ ಕಂಡುಕೊಳ್ಳುತ್ತಾರೆ. ಸ್ವಂತ ಕಾಯಿಲೆಯ ಪ್ರಮಾಣಪತ್ರದ ಮೇಲೆ ಪಡೆದ ಅಸಾಧಾರಣ ರಜೆ ಇನ್‌ಕ್ರಿಮೆಂಟಿನ ಲೆಕ್ಕಕ್ಕೆ ಸೇರುತ್ತದೆ. ಅಪ್ಪನ ಪಾರ್ಶ್ವವಾಯುವಿಗೆಂದು ಪಡೆದದ್ದು ಸೇರುವುದಿಲ್ಲ. ಆದರೆ ಮೂಲಭೂತ ನಿಯಮ 26ರಲ್ಲಿ ಒಂದು ಪರಂತುಕವಿದೆ: ನೌಕರನ ಕೈಮೀರಿದ ಕಾರಣಕ್ಕೆ ಪಡೆದ ಅಸಾಧಾರಣ ರಜೆಯನ್ನು ಇನ್‌ಕ್ರಿಮೆಂಟಿಗೆ ಪರಿಗಣಿಸುವಂತೆ ನಿರ್ದೇಶಿಸಬಹುದು. ಅದಕ್ಕೆ ಪ್ರಸ್ತಾವ ಕಳಿಸುವ ಕಚೇರಿ ಬಲು ಅಪರೂಪ. ನೌಕರ ಕೇಳಿಕೊಂಡರೆ ಆಸ್ಪತ್ರೆಯ ದಾಖಲೆಗಳನ್ನಿಟ್ಟು ಮೇಲಕ್ಕೆ ಕಳಿಸಿ, ನಿಮ್ಮ ಹಂತದಲ್ಲೇ ಹೊಸಕಿಹಾಕಬೇಡಿ. ಇನ್ನೊಂದು ದಾರಿ ನಿಯಮ 10. ಗಾಬರಿಯಲ್ಲಿ ಅಸಾಧಾರಣ ರಜೆ ಎಂದು ಬರೆದುಕೊಟ್ಟವನ ಖಾತೆಯಲ್ಲಿ ಆಗ ಅರ್ಧ ವೇತನ ರಜೆ ಇದ್ದಿದ್ದರೆ, ಕೆಲಸಕ್ಕೆ ಹಾಜರಾದ 30 ದಿನದೊಳಗೆ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳಲು ಕೋರಬಹುದು. ಅದು ಹಕ್ಕಲ್ಲ, ನಿಮ್ಮ ವಿವೇಚನೆ. ಆದರೆ 31ನೇ ದಿನ ಆ ವಿವೇಚನೆಗೂ ಜಾಗವಿರುವುದಿಲ್ಲ.

ಕೊನೆಯದಾಗಿ ಅಧಿಕಾರಿಗಳೇ, ದೆಹಲಿಯ ತಿದ್ದುಪಡಿಗೆ ಕಾಯದೆ ನೀವೇ ಮಾಡಬಹುದಾದದ್ದು. ರಜೆ ಹಕ್ಕಲ್ಲ ಎಂದು ನಿಯಮ 7 ಹೇಳುತ್ತದೆ, ಆ ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಅದೇ ನಿಯಮದ ಮುಂದಿನ ಭಾಗವನ್ನೂ ಓದಿ. ಸಾರ್ವಜನಿಕ ಸೇವೆಯ ಅಗತ್ಯ ಬಿದ್ದರೆ ನೀವು ರಜೆ ನಿರಾಕರಿಸಬಹುದು. ನೌಕರ ಲಿಖಿತವಾಗಿ ಕೋರದೆ, ಅವನ ಖಾತೆಯಲ್ಲಿದ್ದು ಅವನು ಕೇಳಿದ ರಜೆಯ ಬಗೆಯನ್ನು ಬದಲಿಸುವಂತಿಲ್ಲ. ಇ.ಎಲ್. ಕೇಳಿದವನಿಗೆ "ಮುಂಚಿತವಾಗಿ ಹೇಳಿಲ್ಲ" ಎಂದು ಸಂಬಳವಿಲ್ಲದ ರಜೆ ಬರೆದು ಕಳಿಸುವುದು ಈ ನಿಯಮಕ್ಕೆ ವಿರುದ್ಧ. ಇನ್ನು, ಹೇಳದೆ ಹೋದ ಎಂಬುದೊಂದೇ ಕಾರಣಕ್ಕೆ ಶಿಸ್ತುಕ್ರಮಕ್ಕೆ ಕೈಹಾಕುವ ಮುನ್ನ 2012ರ ಕೃಷ್ಣಕಾಂತ್ ಬಿ. ಪರ್ಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೋಡಿ: ಗೈರುಹಾಜರಿ ಬೇಕೆಂದೇ ಮಾಡಿದ್ದು ಎಂದು ಸಾಬೀತಾಗಬೇಕು, ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಕೈಮೀರಿದ ಸಂದರ್ಭದಲ್ಲಿ ಹೊರಗುಳಿದವನನ್ನು ಕರ್ತವ್ಯನಿಷ್ಠೆ ತಪ್ಪಿದವನು ಎನ್ನಲಾಗದು.

ಒಂದು ಪುಟದ ಕಚೇರಿ ಆದೇಶ ಹೊರಡಿಸಿ. ತುರ್ತು ಬಂದ ದಿನ ನೌಕರನಾಗಲಿ ಅವನ ಮನೆಯವರಾಗಲಿ ಫೋನಿನಲ್ಲೋ ವಾಟ್ಸ್ಯಾಪಿನಲ್ಲೋ ತಿಳಿಸಿದರೆ ಅದನ್ನು ಮಾಹಿತಿ ಎಂದು ದಾಖಲಿಸಲಿ. ಫಾರಂ 1 ಇ-ಮೇಲಿನಲ್ಲಿ ಬರಲು ಮೂರು ಕೆಲಸದ ದಿನ ಕೊಡಿ. ಸಂದೇಶ ಬಂದ ದಿನವೇ ರಜೆ ವಿಭಾಗದವರು ಅವನ ಖಾತೆ ತೆಗೆದು, ಇಷ್ಟು ಇ.ಎಲ್., ಇಷ್ಟು ಅರ್ಧ ವೇತನ ರಜೆ, ಸಿ.ಎಲ್. ಜೊತೆ ಬೆರೆಸಬೇಡಿ ಎಂದು ವಾಪಸ್ ಬರೆಯಲಿ. ಆ ಕೆಲಸ ನಮ್ಮದು, ಐದು ನಿಮಿಷ ಸಾಕು, ಮಾಡಿಕೊಡಲು ತಯಾರಿದ್ದೇವೆ. ರಜೆ ಕೊಡಲಾಗದಿದ್ದರೆ, ಯಾವ ಕೆಲಸ ನಿಲ್ಲುತ್ತದೆ, ಯಾವ ತಾರೀಖಿನಿಂದ ಕೊಡಬಹುದು ಎಂಬುದನ್ನು ಬರಹದಲ್ಲಿ, ಸಹಿಯೊಂದಿಗೆ, ಮರುದಿನದ ಒಳಗೆ ತಿಳಿಸಿ.

ಇಂತಿ,
ರಜೆ ಕಡತಗಳನ್ನು ನೋಡುವ ಕೇಂದ್ರ ಸರ್ಕಾರಿ ನೌಕರರು
ಬೆಂಗಳೂರು